ಎದೆಯ ನೀರಿನಿಂದ ಇಜಿಎಫ್‌ಆರ್ ರಿಪೋರ್ಟ್‌ವರೆಗೆ: ಅಮ್ಮನ ಶ್ವಾಸಕೋಶದ ಕ್ಯಾನ್ಸರ್

ಅಮ್ಮ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದರು. ಮನೆಗೆ ಗ್ಯಾಸ್ ಬರುವವರೆಗೂ ಸೌದೆ ಒಲೆಯಲ್ಲೇ ಅಡುಗೆ. ಹೊಗೆ ಕುಡಿದಿದ್ದು ಹೌದು, ಆದರೆ ಈ ಕಾಯಿಲೆ ಅದರಿಂದಲೇ ಬಂತು ಅಂತ ಒಬ್ಬ ಮನುಷ್ಯನನ್ನು ತೋರಿಸಿ ಯಾರೂ ಹೇಳಲಾರರು. ಹೀಗಿರುವಾಗ ಕೆಮ್ಮು ಶುರುವಾದರೆ ಕ್ಯಾನ್ಸರ್ ಅನ್ನೋದು ಮನೆಯವರಿಗೂ ಹೊಳೆಯಲ್ಲ, ಡಾಕ್ಟರಿಗೂ ಮೊದಲಿಗೇ ಹೊಳೆಯಲ್ಲ.

ಶುರುವಾಗಿದ್ದು ಒಣ ಕೆಮ್ಮಿನಿಂದ. ಕಫ ಇಲ್ಲ, ರಕ್ತ ಇಲ್ಲ, ಜ್ವರ ಇಲ್ಲ. ಮೆಡಿಕಲ್ ಸ್ಟೋರಿನ ಸಿರಪ್ಪು, ಆಮೇಲೆ ಅಲರ್ಜಿ ಮಾತ್ರೆ, ಆಮೇಲೆ ಆಂಟಿಬಯೋಟಿಕ್. ಕೆಮ್ಮು ಹೋಗಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಬಲಕ್ಕೆ ಹೊರಳಿ ಮಲಗಿದರೆ ಸ್ವಲ್ಪ ಆರಾಮ, ಎಡಕ್ಕೆ ಹೊರಳಿದರೆ ಉಸಿರೇ ಸಿಗಲ್ಲ ಅನ್ನುತ್ತಿದ್ದರು. ರವಿಕೆ ಸಡಿಲ ಆಗಿತ್ತು. ಎಕ್ಸ್‌ರೇ ತೆಗೆಸಿದಾಗ ಬಲಗಡೆ ಎದೆಯ ಕೆಳಭಾಗ ಪೂರ್ತಿ ಬೆಳ್ಳಗೆ. ಶ್ವಾಸಕೋಶದ ಸುತ್ತ ನೀರು ತುಂಬಿತ್ತು.

ನಮ್ಮ ಕಡೆ ಎದೆಯಲ್ಲಿ ನೀರು ಅಂದರೆ ಮೊದಲು ಬರುವ ಮಾತು ಟಿಬಿ. ಅದರಲ್ಲಿ ತಪ್ಪೇನೂ ಇಲ್ಲ, ಟಿಬಿ ಇಲ್ಲಿ ಅಷ್ಟು ಜಾಸ್ತಿ. ಆದರೆ ಅಮ್ಮನ ವಿಷಯದಲ್ಲಿ ಟಿಬಿಗೆ ಸಾಕ್ಷಿ ಏನಿತ್ತು ಅಂತ ನೋಡಿದರೆ ಏನೂ ಇರಲಿಲ್ಲ. ಟಿಬಿಯ ಕ್ರಿಮಿ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ನೆಗೆಟಿವ್. ಒಂದು ಆಸ್ಪತ್ರೆಯಲ್ಲಿ ಸೂಜಿ ಹಾಕಿ ಒಂದು ಸಣ್ಣ ಟ್ಯೂಬ್‌ನಷ್ಟು ನೀರು ತೆಗೆದು ಲ್ಯಾಬಿಗೆ ಕೊಟ್ಟರು. ಅದರಲ್ಲಿ ಎಡಿಎ ಅನ್ನೋ ಕಿಣ್ವದ ಮಟ್ಟ 20ರ ಆಸುಪಾಸು ಬಂತು. ಟಿಬಿಯ ನೀರಿನಲ್ಲಿ ಅದು ಸಾಮಾನ್ಯವಾಗಿ 40ಕ್ಕಿಂತ ಮೇಲಿರುತ್ತೆ. ಜೀವಕೋಶಗಳ ಪರೀಕ್ಷೆಯಲ್ಲಿ "ಉರಿಯೂತದ ಜೀವಕೋಶಗಳು ಮಾತ್ರ, ಕ್ಯಾನ್ಸರ್ ಜೀವಕೋಶ ಕಂಡಿಲ್ಲ" ಅಂತ ಬರೆದಿದ್ದರು. ಆ ಒಂದು ಸಾಲು ನೋಡಿ ಎಲ್ಲರೂ ನಿಟ್ಟುಸಿರು ಬಿಟ್ಟರು, ಟಿಬಿ ಮಾತ್ರೆ ಶುರುವಾಯಿತು. ಎಡಿಎ ಕಡಿಮೆ ಇದೆಯಲ್ಲ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತು, ಊಟ ಸೇರಲಿಲ್ಲ, ನೀರು ಮತ್ತೆ ತುಂಬಿತು.

ಕ್ಯಾನ್ಸರಿನಿಂದ ಬಂದ ನೀರೇ ಆದರೂ ಮೊದಲ ಸಲ ತೆಗೆದ ಸ್ಯಾಂಪಲ್ಲಿನಲ್ಲಿ ಕ್ಯಾನ್ಸರ್ ಜೀವಕೋಶ ಸಿಗುವುದು ನೂರರಲ್ಲಿ ಸುಮಾರು 60 ಜನರಿಗೆ ಮಾತ್ರ. ಉಳಿದವರಿಗೆ ರಿಪೋರ್ಟ್ ಸುಮ್ನೆ "ಕಂಡಿಲ್ಲ" ಅನ್ನುತ್ತೆ. ಕಂಡಿಲ್ಲ ಅಂದರೆ ಇಲ್ಲ ಅಂತ ಅಲ್ಲ. ಟಿಬಿ ಔಷಧಿ ಎರಡು ತಿಂಗಳು ಸರಿಯಾಗಿ ನುಂಗಿದ ಮೇಲೂ ನೀರು ಕಡಿಮೆಯಾಗದೆ, ತೂಕ ಇಳಿಯುತ್ತಲೇ ಇದ್ದರೆ, ಮೊದಲು ಅನುಮಾನ ಪಡಬೇಕಾದದ್ದು ಆ ಟಿಬಿ ಅನ್ನೋ ಹೆಸರಿನ ಮೇಲೇ.

ಬೆಂಗಳೂರಿಗೆ ಹೋದೆವು. ಅಲ್ಲಿನ ಶ್ವಾಸಕೋಶದ ಡಾಕ್ಟರ್ ಹಳೆ ರಿಪೋರ್ಟ್ ಎಲ್ಲ ನೆಲದ ಮೇಲೆ ಹರಡಿದ ಹಾಗೆ ಟೇಬಲ್ ತುಂಬ ಹರಡಿಕೊಂಡು, ಎಡಿಎ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. "ಮತ್ತೆ ನೀರು ತೆಗೀಬೇಕಮ್ಮ. ಈ ಸಲ ಜಾಸ್ತಿ ತೆಗೀತೀನಿ" ಅಂದರು. ಅಲ್ಟ್ರಾಸೌಂಡ್ ನೋಡಿಕೊಂಡು ನಿಧಾನಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಮೇಲೆ ತೆಗೆದರು. ಬಣ್ಣ ತೆಳು ಕೆಂಪು. ಒಂದೇ ಸಲಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ತೆಗೆಯಲು ಅವರು ಒಪ್ಪಲಿಲ್ಲ. ತುಂಬ ದಿನ ಒತ್ತಿಕೊಂಡಿದ್ದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರೊಳಗೇ ನೀರು ಇಳಿಯುವ ಅಪಾಯ ಇದೆ.

ಆ ನೀರನ್ನು ಅವರು ಚೆಲ್ಲಲಿಲ್ಲ, ಲ್ಯಾಬಿಗೆ ಕಳಿಸಿದರು. ಲ್ಯಾಬಿನಲ್ಲಿ ಅದನ್ನು ಗಿರ್ರನೆ ತಿರುಗಿಸಿ, ತಳದಲ್ಲಿ ಕೂರುವ ಜೀವಕೋಶಗಳನ್ನು ಒಟ್ಟು ಮಾಡಿ, ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಹುದುಗಿಸುತ್ತಾರೆ. ಇದಕ್ಕೆ ಸೆಲ್ ಬ್ಲಾಕ್ ಅಂತಾರೆ. ಗಾಜಿನ ಮೇಲೆ ಸವರಿದ ಒಂದು ಸ್ಲೈಡ್ ಆದರೆ ಒಂದು ಬಣ್ಣ ಹಾಕಿ ನೋಡಿದರೆ ಮುಗೀತು. ಬ್ಲಾಕ್ ಇದ್ದರೆ ತೆಳ್ಳಗೆ ಹಲವು ಪದರ ಕತ್ತರಿಸಿ ಒಂದೊಂದರ ಮೇಲೆ ಒಂದೊಂದು ಪರೀಕ್ಷೆ ಮಾಡಬಹುದು. ಅಮ್ಮನ ಬ್ಲಾಕಿನಲ್ಲಿ ಕ್ಯಾನ್ಸರ್ ಜೀವಕೋಶ ಸಿಕ್ಕವು. ಟಿಟಿಎಫ್-1 ಅನ್ನೋ ಗುರುತು ಪಾಸಿಟಿವ್ ಬಂತು. ಅಂದರೆ ಬೇರೆ ಅಂಗದಿಂದ ಬಂದಿದ್ದಲ್ಲ, ಶ್ವಾಸಕೋಶದಲ್ಲೇ ಹುಟ್ಟಿದ, ಅಡಿನೋಕಾರ್ಸಿನೋಮಾ ಅನ್ನೋ ಬಗೆಯ ಕ್ಯಾನ್ಸರ್. ಸಿಗರೇಟು ಸೇದದ ಹೆಂಗಸರಲ್ಲಿ ಜಾಸ್ತಿ ಕಾಣುವ ಬಗೆ ಇದೇ.

ಸಿಟಿ, ಪೆಟ್ ಸ್ಕ್ಯಾನ್, ಮೆದುಳಿನ ಎಂಆರ್‌ಐ ಎಲ್ಲ ಆಯಿತು. ಪೆಟ್ ಮಾಡಿದ ಮೇಲೂ ಎಂಆರ್‌ಐ ಯಾಕೆ ಅಂತ ಅಣ್ಣ ಕೇಳಿದ. ಪೆಟ್‌ನಲ್ಲಿ ಸಕ್ಕರೆ ಜಾಸ್ತಿ ಹೀರುವ ಜಾಗ ಬೆಳಗುತ್ತೆ, ಮೆದುಳು ಯಾವಾಗಲೂ ಸಕ್ಕರೆ ಹೀರುತ್ತಲೇ ಇರುತ್ತೆ, ಹಾಗಾಗಿ ಅಲ್ಲಿನ ಸಣ್ಣ ಗಂಟು ಆ ಬೆಳಕಿನಲ್ಲಿ ಮುಚ್ಚಿಹೋಗುತ್ತೆ ಅಂದರು. ಎಂಆರ್‌ಐನಲ್ಲಿ ಏನೂ ಇರಲಿಲ್ಲ. ಪೆಟ್‌ನಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ 3.8 ಸೆಂಟಿಮೀಟರ್ ಗಂಟು, ಎದೆಯ ನಡುವೆ ಶ್ವಾಸನಾಳ ಕವಲೊಡೆಯುವ ಜಾಗದ ಕೆಳಗೆ ಒಂದು ದುಗ್ಧಗ್ರಂಥಿ, ಮತ್ತೆ ಆ ನೀರು.

ಸ್ಟೇಜ್ ನಾಲ್ಕು ಅಂದಾಗ ನಮ್ಮ ಮಾವ ಜಗಳಕ್ಕೇ ನಿಂತರು. "ಗಂಟು ನಾಲ್ಕು ಸೆಂಟಿಮೀಟರೂ ಇಲ್ಲ, ಲಿವರಿಗೆ ಹೋಗಿಲ್ಲ, ಮೂಳೆಗೆ ಹೋಗಿಲ್ಲ, ತಲೆಗೆ ಹೋಗಿಲ್ಲ, ಅದೆಂಗೆ ಸಾರ್ ಕೊನೇ ಸ್ಟೇಜು?" ಪ್ರಶ್ನೆ ನ್ಯಾಯವಾದದ್ದೇ. ಡಾಕ್ಟರ್ ಒಂದು ಹಾಳೆಯ ಮೇಲೆ ಟಿ, ಎನ್, ಎಂ ಅಂತ ಮೂರು ಅಕ್ಷರ ಬರೆದು ತೋರಿಸಿದರು. ಟಿ ಅಂದರೆ ಗಂಟು ಎಷ್ಟು ದೊಡ್ಡದು, ಅಕ್ಕಪಕ್ಕ ಏನನ್ನು ಹಿಡಿದಿದೆ. 3ರಿಂದ 5 ಸೆಂಟಿಮೀಟರ್ ಒಳಗೆ ಇದ್ದಿದ್ದರಿಂದ ಅಮ್ಮನದು ಟಿ2. ಎನ್ ಅಂದರೆ ಯಾವ ಗ್ರಂಥಿವರೆಗೆ ಹೋಗಿದೆ. ಎಷ್ಟು ಗ್ರಂಥಿ ಅನ್ನೋದಕ್ಕಿಂತ ಎಷ್ಟು ದೂರದ ಗ್ರಂಥಿ ಅನ್ನೋದು ಇಲ್ಲಿ ಮುಖ್ಯ. ಅದೇ ಶ್ವಾಸಕೋಶದ ಬುಡದಲ್ಲಿದ್ದರೆ ಎನ್1, ಎದೆಯ ನಡುವೆ ಅದೇ ಬದಿಗೆ ಅಥವಾ ಕವಲಿನ ಕೆಳಗಿದ್ದರೆ ಎನ್2, ಎದುರು ಬದಿಗೆ ಅಥವಾ ಕೊರಳಮೂಳೆ ಮೇಲಕ್ಕೆ ಹೋಗಿದ್ದರೆ ಎನ್3. ಅಮ್ಮನದು ಎನ್2. ಇಷ್ಟೇ ಆಗಿದ್ದರೆ ಸ್ಟೇಜ್ 3ಎ. ಆಗ ಗುಣಪಡಿಸುವ ಲೆಕ್ಕದಲ್ಲೇ ಕೀಮೋ, ರೇಡಿಯೇಷನ್, ಕೆಲವರಿಗೆ ಆಪರೇಷನ್ ಬಗ್ಗೆ ಯೋಚನೆ ಮಾಡುತ್ತಾರೆ.

ಆದರೆ ನೀರಿನಲ್ಲಿ ಕ್ಯಾನ್ಸರ್ ಜೀವಕೋಶ ಸಿಕ್ಕಿತ್ತಲ್ಲ. ಶ್ವಾಸಕೋಶವನ್ನು ಸುತ್ತಿರುವ ಪೊರೆಯ ಮೇಲೆಲ್ಲ ಅದು ಚೆಲ್ಲಿದೆ ಅಂತ ಅರ್ಥ. ಚಾಕುವಿನಿಂದ ಪೂರ್ತಿ ತೆಗೆಯಲಾಗಲ್ಲ, ಒಂದು ಜಾಗಕ್ಕೆ ಗುರಿಯಿಟ್ಟು ರೇಡಿಯೇಷನ್ ಕೊಟ್ಟು ಮುಗಿಸಲೂ ಆಗಲ್ಲ. ಅದಕ್ಕೇ ಅದನ್ನು ಎಂ1ಎ ಅಂತ ಹಾಕಿ ಸ್ಟೇಜ್ 4ಎಗೆ ಸೇರಿಸುತ್ತಾರೆ. ಗಂಟಿನ ಅಳತೆ ಏನೂ ಬದಲಾಗಲಿಲ್ಲ, ಚಿಕಿತ್ಸೆಯ ದಾರಿ ಪೂರ್ತಿ ಬದಲಾಯಿತು. ಆಮೇಲೆ ನನಗೆ ಅರ್ಥವಾದ ಇನ್ನೊಂದು ವಿಷಯ ಅಂದರೆ, ಆ ನಡುವಿನ ಗ್ರಂಥಿಯನ್ನು ಚುಚ್ಚಿ ನೋಡುವ ಗೋಜಿಗೇ ಅವರು ಹೋಗಲಿಲ್ಲ. ಪೆಟ್‌ನಲ್ಲಿ ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ, ಟಿಬಿ ಇರುವ ನಮ್ಮ ದೇಶದಲ್ಲಿ ಹಳೆ ಟಿಬಿಯ ಗ್ರಂಥಿಯೂ ಬೆಳಗುತ್ತೆ. ನೀರು ಇಲ್ಲದಿದ್ದರೆ ಆ ಗ್ರಂಥಿಯಲ್ಲಿ ನಿಜಕ್ಕೂ ಏನಿದೆ ಅಂತ ಸೂಜಿ ಹಾಕಿ ಖಚಿತ ಮಾಡಿಕೊಳ್ಳಲೇಬೇಕಿತ್ತು, ಯಾಕಂದರೆ ಅದರ ಮೇಲೆ ಆಪರೇಷನ್ನಿನ ತೀರ್ಮಾನ ನಿಂತಿರುತ್ತಿತ್ತು. ನೀರಿನಲ್ಲೇ ಸಾಬೀತಾದ ಮೇಲೆ ಗ್ರಂಥಿಯಲ್ಲಿ ಏನೇ ಇದ್ದರೂ ಸ್ಟೇಜ್ ಅದೇ, ಔಷಧಿ ಅದೇ. ಆದ್ದರಿಂದ ಚುಚ್ಚುವುದಾದರೆ ಅತಿ ದೂರ ಹೋಗಿರುವ ಜಾಗವನ್ನು ಚುಚ್ಚಬೇಕು. ಒಂದೇ ಸೂಜಿಗೆ ಕಾಯಿಲೆ ಯಾವುದು, ಎಲ್ಲಿವರೆಗೆ ಹೋಗಿದೆ ಅನ್ನೋ ಎರಡೂ ಸಿಗುತ್ತೆ.

ಇಲ್ಲಿಗೆ ಕಾಯಿಲೆ ಎಷ್ಟು ದೂರ ಹೋಗಿದೆ ಅಂತ ಗೊತ್ತಾಯಿತು. ಅದು ಯಾವುದರ ಬಲದಿಂದ ಬೆಳೆಯುತ್ತಿದೆ ಅಂತ ಗೊತ್ತಾಗಿರಲಿಲ್ಲ. ಸೆಲ್ ಬ್ಲಾಕನ್ನು, ಇಜಿಎಫ್‌ಆರ್ ಅನ್ನೋ ಜೀನಿನಲ್ಲಿ ಬದಲಾವಣೆ ಇದೆಯಾ ಅಂತ ನೋಡುವ ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟ್ ಬಂದಾಗ ಅದರಲ್ಲಿ ಪಾಸಿಟಿವ್ ಅಂತಲೂ ಇಲ್ಲ, ನೆಗೆಟಿವ್ ಅಂತಲೂ ಇಲ್ಲ. ಸ್ಯಾಂಪಲ್ ಸಾಲದು ಅಂತ ಇತ್ತು. ಸಿಕ್ಕಿದ್ದ ನಾಲ್ಕಾರು ಕ್ಯಾನ್ಸರ್ ಜೀವಕೋಶಗಳು ಗುರುತು ಹಿಡಿಯುವ ಪರೀಕ್ಷೆಗಳಿಗೇ ಖರ್ಚಾಗಿದ್ದವು, ಉಳಿದ ಪದರದಲ್ಲಿ ಬರೀ ಸಾಮಾನ್ಯ ಜೀವಕೋಶಗಳು. ಅಂಥದ್ದರಲ್ಲಿ ಪರೀಕ್ಷೆ ನಡೆಸಿದರೆ ಬದಲಾವಣೆ ಇದ್ದರೂ ಕಾಣಲ್ಲ. "ಸಾಲದು" ಅಂತ ನೇರವಾಗಿ ಬರೆದ ಆ ಲ್ಯಾಬಿನ ಬಗ್ಗೆ ನನಗೆ ಈಗಲೂ ಗೌರವ ಇದೆ. ನೆಗೆಟಿವ್ ಅಂತ ಬರೆದಿದ್ದರೆ ಅಮ್ಮನ ಕಥೆ ಬೇರೆ ದಾರಿಗೆ ಹೋಗುತ್ತಿತ್ತು.

ಮತ್ತೆ ತುಣುಕು ತೆಗೆದು ಪರೀಕ್ಷೆ ಮಾಡಬೇಕು ಅಂದಾಗ ಆ ವಾರದಲ್ಲಿ ಮನೆಯಲ್ಲಿ ನೂರು ಮಾತು. ಇನ್ನೊಂದು ಕಡೆ ತೋರಿಸಿದಾಗ "ಕಾಯೋದು ಬೇಡ, ನಾಳೆಯಿಂದಲೇ ಕೀಮೋ" ಅಂದಿದ್ದರು. ಚಿಂತಾಮಣಿಯ ನೆಂಟರೊಬ್ಬರು, ಅವರ ಕಡೆಯ ಒಬ್ಬರಿಗೆ ಜೆಫಿಟಿನಿಬ್ ಅನ್ನೋ ಕ್ಯಾನ್ಸರ್ ಮಾತ್ರೆಯಿಂದ ಚೆನ್ನಾಗಿ ಆಯಿತಂತೆ, ಸಿಗರೇಟು ಸೇದದ ಹೆಂಗಸರಿಗೆ ಅದೇ ಆಗೋದಂತೆ, ಮತ್ತೆ ಯಾಕೆ ಚುಚ್ಚಿಸೋದು, ಅದೇ ತಂದುಕೊಡಿ ಅಂತ ಹಠ ಹಿಡಿದರು.

ಈ ಮಾತನ್ನು ನಾನು ಡಾಕ್ಟರ್ ಮುಂದೆ ಇಟ್ಟಾಗ ಅವರು ಕೋಪ ಮಾಡಿಕೊಳ್ಳಲಿಲ್ಲ. ಐಪ್ಯಾಸ್ ಅನ್ನೋ ಒಂದು ಅಧ್ಯಯನದ ಬಗ್ಗೆ ಹೇಳಿದರು, 2009ರಲ್ಲಿ ಪ್ರಕಟವಾದದ್ದು. ಏಷ್ಯಾದವರು, ಸಿಗರೇಟು ಸೇದದವರು ಅಥವಾ ತೀರಾ ಕಡಿಮೆ ಸೇದಿ ಬಿಟ್ಟವರು, ಎಲ್ಲರಿಗೂ ಅಡಿನೋಕಾರ್ಸಿನೋಮಾ. ಅಂದರೆ ನಮ್ಮಮ್ಮನ ಥರದವರೇ. ಅರ್ಧ ಜನಕ್ಕೆ ಜೆಫಿಟಿನಿಬ್ ಮಾತ್ರೆ, ಅರ್ಧ ಜನಕ್ಕೆ ಕೀಮೋ. ಇಜಿಎಫ್‌ಆರ್ ಬದಲಾವಣೆ ಇದ್ದವರಲ್ಲಿ ಮಾತ್ರೆಯಿಂದ ನೂರಕ್ಕೆ 71 ಜನರ ಗಂಟು ಕುಗ್ಗಿತು, ಕೀಮೋದಿಂದ 47 ಜನರದು. ಬದಲಾವಣೆ ಇಲ್ಲದವರಲ್ಲಿ ಅದೇ ಮಾತ್ರೆಯಿಂದ ಕುಗ್ಗಿದ್ದು ನೂರಕ್ಕೆ ಒಬ್ಬರದ್ದು, ಕೀಮೋದಿಂದ 23 ಜನರದು. ಮೇಲುನೋಟಕ್ಕೆ ಎಲ್ಲ ಒಂದೇ ಥರದ ರೋಗಿಗಳು, ಒಳಗಿನ ಒಂದು ಬದಲಾವಣೆಯಿಂದ ಮಾತ್ರೆ ಒಬ್ಬರಿಗೆ ಜೀವ, ಇನ್ನೊಬ್ಬರಿಗೆ ಬರೀ ಕಳೆದುಹೋದ ಸಮಯ. ಮುಖ ನೋಡಿ, ಅಭ್ಯಾಸ ನೋಡಿ ಊಹೆ ಮಾಡಿ ಮಾತ್ರೆ ಕೊಡಬಾರದು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ನನಗಂತೂ ಬೇಡ. ಚಿಂತಾಮಣಿಯ ನೆಂಟರಿಗೂ ಈ ಅಂಕಿಗಳನ್ನೇ ಹೇಳಿದೆ, ಸುಮ್ಮನಾದರು.

ಕಾಯುವಾಗ ಉಸಿರು ಕೆಟ್ಟರೆ? ಹಾಗಾದರೆ ಒಂದು ಸುತ್ತು ಕೀಮೋ ಕೊಟ್ಟು ನಿಭಾಯಿಸೋಣ, ಆದರೆ ಮೈಯ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೋಥೆರಪಿಯನ್ನು ಮಾತ್ರ ರಿಪೋರ್ಟ್ ಬರುವ ಮೊದಲು ಮುಟ್ಟಲ್ಲ ಅಂದರು. ಇಜಿಎಫ್‌ಆರ್ ಬದಲಾವಣೆ ಇದ್ದವರಿಗೆ ಅದರಿಂದ ಉಪಯೋಗ ಕಡಿಮೆ. ಅದು ಮೈಯಲ್ಲಿರುವಾಗ ಆಮೇಲೆ ಆಸಿಮರ್ಟಿನಿಬ್ ಥರದ ಇಜಿಎಫ್‌ಆರ್ ಮಾತ್ರೆ ಕೊಟ್ಟರೆ ಶ್ವಾಸಕೋಶಕ್ಕೇ ಉರಿಯೂತ ಬರುವ ಅಪಾಯ ಜಾಸ್ತಿ.

ಈಗ ಎಲ್ಲಿಂದ ತುಣುಕು ತೆಗೆಯೋದು ಅನ್ನೋದು ಪ್ರಶ್ನೆ. ಸಿಟಿ ನೋಡಿಕೊಂಡು ಬೆನ್ನಿನಿಂದ ಸೂಜಿ ಹಾಕಿ ಗಂಟಿನಿಂದಲೇ ತೆಗೆಯಬಹುದಿತ್ತು. ಅದರಲ್ಲಿ ಶ್ವಾಸಕೋಶಕ್ಕೆ ತೂತಾಗಿ ಗಾಳಿ ಸೋರುವ ಅಪಾಯ ಇದೆ, ಮತ್ತೆ ನೀರಿನ ಸಮಸ್ಯೆ ಹಾಗೇ ಉಳಿಯುತ್ತೆ. ರಕ್ತದಲ್ಲೇ ನೋಡುವ ಪರೀಕ್ಷೆಯೂ ಇದೆ, ಅಣ್ಣ ಅದನ್ನೇ ಮಾಡಿಸೋಣ ಅಂದ. ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ನಂಬೋಕಾಗಲ್ಲ, ಎಲ್ಲರ ಗಂಟೂ ರಕ್ತಕ್ಕೆ ಸಾಕಷ್ಟು ಡಿಎನ್‌ಎ ಚೆಲ್ಲಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಕೊನೆಗೆ ಥೋರಕೋಸ್ಕೋಪಿ ಅಂತ ತೀರ್ಮಾನ ಆಯಿತು. ಪಕ್ಕೆಲುಬುಗಳ ನಡುವೆ ಒಂದೇ ತೂತು, ಪೂರ್ತಿ ಪ್ರಜ್ಞೆ ತಪ್ಪಿಸಲ್ಲ, ಮಂಪರು ಕೊಟ್ಟು ಆ ಜಾಗ ಮರಗಟ್ಟಿಸುತ್ತಾರೆ. ನೀರನ್ನೆಲ್ಲ ಹೊರಗೆ ತೆಗೆದು, ಕ್ಯಾಮೆರಾದಲ್ಲಿ ಪೊರೆಯನ್ನು ಕಣ್ಣಾರೆ ನೋಡಿ, ಎಲ್ಲಿ ಗಂಟು ಕಾಣುತ್ತೋ ಅಲ್ಲಿಂದಲೇ ತುಣುಕು ತೆಗೆಯುತ್ತಾರೆ.

ಹಿಂದಿನ ರಾತ್ರಿ ದೊಡ್ಡಮ್ಮ ಫೋನ್ ಮಾಡಿ "ಗಾಯ ಮಾಡಿದ್ರೆ ಹರಡ್ತದೆ ಕಣೇ, ಬ್ಯಾಡ ಅನ್ನು" ಅಂತ ಅತ್ತರು. ಸೂಜಿ ಹೋದ ದಾರಿಯಲ್ಲಿ ಜೀವಕೋಶ ನೆಲೆಸುವುದು ಉಂಟು, ಆದರೆ ಅಪರೂಪ. ಅಮ್ಮನ ಕಾಯಿಲೆ ಆಗಲೇ ಪೊರೆಗೆ ಹರಡಿತ್ತು. ಗುರುತು ಗೊತ್ತಿಲ್ಲದೆ ತಪ್ಪು ಔಷಧಿ ಕೊಡುವುದರ ನಷ್ಟದ ಮುಂದೆ ಆ ಭಯ ಏನೂ ಅಲ್ಲ ಅಂತ ನನಗೆ ಅನ್ನಿಸಿತು, ದೊಡ್ಡಮ್ಮನಿಗೂ ಹಾಗೇ ಹೇಳಿದೆ.

ಪೊರೆಯ ಮೇಲೆ ಅಲ್ಲಲ್ಲಿ ಬಿಳಿ ಗುಳ್ಳೆಗಳು ಕಂಡವಂತೆ. ಬೇರೆ ಬೇರೆ ಜಾಗದಿಂದ ಹಲವು ತುಣುಕು ತೆಗೆದರು. ಹೆಚ್ಚಿನವು ಫಾರ್ಮಲಿನ್ ಡಬ್ಬಿಗೆ, ಒಂದು ಮಾತ್ರ ಸಲೈನ್ ಹಾಕಿದ ಬೇರೆ ಡಬ್ಬಿಗೆ. ಆ ಒಂದು ಟಿಬಿ ಕಲ್ಚರಿಗೆ. ಫಾರ್ಮಲಿನ್‌ಗೆ ಬಿದ್ದರೆ ಟಿಬಿಯ ಕ್ರಿಮಿ ಸಾಯುತ್ತೆ, ಬೆಳೆಸಿ ನೋಡಲಾಗಲ್ಲ. ಇಷ್ಟು ದಿನ ನಮ್ಮನ್ನು ಸುತ್ತಿಸಿದ ಟಿಬಿ ಪ್ರಶ್ನೆಗೆ ಅಲ್ಲೇ ಕೊನೆ ಹಾಡಲಿ ಅಂತ ಅವರ ಉದ್ದೇಶ, ಅದು ನೆಗೆಟಿವ್ ಬಂತು. ಎದೆಗೆ ಹಾಕಿದ ಕೊಳವೆಯಿಂದ ಉಳಿದ ನೀರು ಇಳಿದ ಮೇಲೆ ಟಾಲ್ಕ್ ಪುಡಿ ಬಿಟ್ಟು ಪೊರೆಗಳು ಅಂಟಿಕೊಳ್ಳುವ ಹಾಗೆ ಮಾಡಿದರು. ನೋವಿತ್ತು, ಜ್ವರವೂ ಬಂತು. ಆದರೆ ಆಮೇಲೆ ನೀರು ತುಂಬಲಿಲ್ಲ, ಅಮ್ಮ ಎರಡೂ ಮಗ್ಗುಲಿಗೆ ಮಲಗಿದರು.

ಈ ಸಲ ಪೆಥಾಲಜಿಸ್ಟ್‌ಗೆ ಬರೆದ ಚೀಟಿಯಲ್ಲೇ "ತುಣುಕು ಉಳಿಸಿ, ಜೀನ್ ಪರೀಕ್ಷೆ ಇದೆ" ಅಂತ ಬರೆದಿದ್ದರು. ಕಾಯಿಲೆಯ ಹೆಸರು ಗೊತ್ತಿರುವಾಗ ಮತ್ತೆ ಹತ್ತು ಬಣ್ಣದ ಪರೀಕ್ಷೆ ಮಾಡಿ ಬ್ಲಾಕ್ ಸವೆಸುವ ಅಗತ್ಯ ಇಲ್ಲ. ಹತ್ತಿರ ಹತ್ತಿರ ಎರಡು ವಾರಕ್ಕೆ ರಿಪೋರ್ಟ್ ಬಂತು. ಎಎಲ್‌ಕೆ ಅನ್ನೋ ಇನ್ನೊಂದು ಜೀನಿನ ಪರೀಕ್ಷೆ ನೆಗೆಟಿವ್. ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್ ಪಾಸಿಟಿವ್.

ಇಜಿಎಫ್‌ಆರ್ ಅಂದರೆ ಜೀವಕೋಶದ ಮೇಲಿರುವ, "ಬೆಳೆ" ಅನ್ನೋ ಸೂಚನೆ ಹಿಡಿಯುವ ಒಂದು ಪ್ರೋಟೀನ್. ಅದರ ಜೀನಿನ ಎಕ್ಸಾನ್ 19 ಅನ್ನೋ ಭಾಗದಲ್ಲಿ ಒಂದು ಸಣ್ಣ ತುಂಡು ಕಳಚಿಹೋದರೆ ಅದು ಆನ್ ಆಗಿಯೇ ಸಿಕ್ಕಿಕೊಂಡ ಸ್ವಿಚ್ಚಿನ ಹಾಗೆ ಆಗುತ್ತೆ. ಮಾತ್ರೆ ಆ ಸ್ವಿಚ್ಚನ್ನೇ ಹಿಡಿದು ನಿಲ್ಲಿಸುತ್ತೆ. ಇಜಿಎಫ್‌ಆರ್ ಪಾಸಿಟಿವ್ ಅಂತಷ್ಟೇ ಓದಿ ನಿಲ್ಲಬಾರದು ಅಂತಲೂ ಡಾಕ್ಟರ್ ಹೇಳಿದರು. ಎಕ್ಸಾನ್ 19 ಡಿಲೀಷನ್, ಎಕ್ಸಾನ್ 21ರ ಎಲ್858ಆರ್ ಅನ್ನೋ ಬದಲಾವಣೆ, ಈ ಎರಡಕ್ಕೆ ಮಾತ್ರೆ ಚೆನ್ನಾಗಿ ಹಿಡಿಯುತ್ತೆ. ಎಕ್ಸಾನ್ 20ರಲ್ಲಿ ಹೆಚ್ಚುವರಿ ತುಂಡು ಸೇರಿಕೊಂಡಿದ್ದರೆ ಇದೇ ಮಾತ್ರೆಗಳು ಸಾಮಾನ್ಯವಾಗಿ ಕೆಲಸ ಮಾಡಲ್ಲ.

ಔಷಧಿ ಆರಿಸುವಾಗ ಹಣದ ಮಾತು ಬಂದೇ ಬಂತು. ಆಸಿಮರ್ಟಿನಿಬ್ ಹೊಸದು, ಕಾಯಿಲೆಯನ್ನು ಹೆಚ್ಚು ಕಾಲ ತಡೆದಿಡುತ್ತೆ, ಮೆದುಳಿಗೂ ಚೆನ್ನಾಗಿ ತಲುಪುತ್ತೆ. ನಮ್ಮ ಕೈಗೆ ಎಟುಕಲಿಲ್ಲ. ಬರೀ ಜೆಫಿಟಿನಿಬ್ ಕಡಿಮೆ ಬೆಲೆಗೆ ಸಿಗುತ್ತೆ. ನಡುವಿನ ದಾರಿಯೊಂದನ್ನು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಪರೀಕ್ಷೆ ಮಾಡಿ ನೋಡಿದ್ದಾರೆ. ಜೆಫಿಟಿನಿಬ್ ಜೊತೆಗೆ ಪೆಮೆಟ್ರೆಕ್ಸೆಡ್, ಕಾರ್ಬೋಪ್ಲಾಟಿನ್ ಕೀಮೋ ಸೇರಿಸಿದರೆ ಕಾಯಿಲೆ ಹತೋಟಿಯಲ್ಲಿರುವ ಕಾಲ ಸರಾಸರಿ 8 ತಿಂಗಳಿಂದ 16 ತಿಂಗಳಿಗೆ ಏರಿತು, ಗಂಭೀರ ಅಡ್ಡ ಪರಿಣಾಮವೂ ಸುಮಾರು ಎರಡು ಪಟ್ಟಾಯಿತು. ಅಮ್ಮನಿಗೆ 58, ಓಡಾಡಿಕೊಂಡಿದ್ದರು, ಕಿಡ್ನಿ ಚೆನ್ನಾಗಿತ್ತು. ಅದನ್ನೇ ಆರಿಸಿದೆವು. ಮುಖದ ಮೇಲೆ ಮೊಡವೆಯಂಥ ಗುಳ್ಳೆ, ಭೇದಿ, ಉಗುರಿನ ಬುಡದಲ್ಲಿ ಕೀವು, ಕೀಮೋ ವಾರದಲ್ಲಿ ಸುಸ್ತು, ಎಲ್ಲ ಬಂತು. ಮೊದಲ ಸಿಟಿಯಲ್ಲಿ ಗಂಟು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಕೆಮ್ಮು ಅದಕ್ಕೂ ಮೊದಲೇ ನಿಂತಿತ್ತು.

ಇದು ಕಾಯಿಲೆಯನ್ನು ತಡೆದಿಡುವ ಚಿಕಿತ್ಸೆ, ಬೇರುಸಹಿತ ಕೀಳುವುದಲ್ಲ, ಅದು ನಮಗೂ ಅಮ್ಮನಿಗೂ ಗೊತ್ತಿದೆ. ಒಂದು ದಿನ ಮಾತ್ರೆಗೆ ಬಗ್ಗದ ಜೀವಕೋಶಗಳು ತಲೆ ಎತ್ತುತ್ತವೆ. ಜೆಫಿಟಿನಿಬ್ ತೆಗೆದುಕೊಂಡವರಲ್ಲಿ ಸುಮಾರು ಅರ್ಧ ಜನರಿಗೆ ಆಗ ಟಿ790ಎಂ ಅನ್ನೋ ಇನ್ನೊಂದು ಬದಲಾವಣೆ ಸಿಗುತ್ತೆ, ಅದಕ್ಕೆ ಆಸಿಮರ್ಟಿನಿಬ್ ಕೆಲಸ ಮಾಡುತ್ತೆ. ಅದಕ್ಕಾಗಿ ಅಣ್ಣ ಈಗಿನಿಂದಲೇ ದುಡ್ಡು ಎತ್ತಿಡುತ್ತಿದ್ದಾನೆ. ಕೆಲವರಲ್ಲಿ ಕ್ಯಾನ್ಸರಿನ ಜಾತಿಯೇ ಬದಲಾಗಿ ಸ್ಮಾಲ್ ಸೆಲ್ ಅನ್ನೋ ಬೇರೆ ಬಗೆಯ ಕ್ಯಾನ್ಸರ್ ಆಗಿಬಿಡುತ್ತೆ, ಅದರ ಕೀಮೋನೇ ಬೇರೆ. ಅದನ್ನು ರಕ್ತ ಪರೀಕ್ಷೆಯಲ್ಲಿ ನೆಚ್ಚಿಕೊಂಡು ಹೇಳೋಕಾಗಲ್ಲ, ತುಣುಕನ್ನೇ ನೋಡಬೇಕು. ಆದ್ದರಿಂದ ಕಾಯಿಲೆ ಮತ್ತೆ ಬೆಳೆದರೆ ಮೊದಲು ರಕ್ತದಲ್ಲಿ ಟಿ790ಎಂ ಹುಡುಕೋದು, ಸಿಗದಿದ್ದರೆ ಬೆಳೆದ ಜಾಗದಿಂದಲೇ ಮತ್ತೆ ಬಯಾಪ್ಸಿ ಅಂತ ಡಾಕ್ಟರ್ ಆಗಲೇ ಫೈಲಿನಲ್ಲಿ ಬರೆದಿದ್ದಾರೆ. ಥೋರಕೋಸ್ಕೋಪಿಯ ಮೇಣದ ಬ್ಲಾಕ್ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿದೆ, ಅದರ ನಂಬರ್ ನಮ್ಮ ಫೈಲಿನ ಮೊದಲ ಪುಟದಲ್ಲಿದೆ. ಬೇರೆ ಕಡೆ ತೋರಿಸಬೇಕಾದರೆ ಅರ್ಜಿ ಕೊಟ್ಟರೆ ಬ್ಲಾಕ್ ಕೊಡುತ್ತಾರೆ. ಮತ್ತೆ ಚುಚ್ಚಬೇಕಾಗಬಹುದು ಅಂತ ಅಮ್ಮನಿಗೆ ಹೇಳಿದಾಗ, "ಚುಚ್ಚಿದ್ರಿಂದ ತಾನೆ ಯಾವ ಮಾತ್ರೆ ಅಂತ ಗೊತ್ತಾಗಿದ್ದು, ಚುಚ್ಲಿ ಬಿಡು" ಅಂದರು.